ತನ್ನ ಸಮೀಕರಣಕ್ಕೆ ತಾನೇ ಸರಿಹೊಂದುವ ತಪ್ಪು ಉತ್ತರ

ಬಿಸಿ ವಸ್ತು ಕಳೆದುಕೊಂಡ ಉಷ್ಣವನ್ನು ತಣ್ಣನೆಯ ವಸ್ತು ಪಡೆದ ಉಷ್ಣಕ್ಕೆ ಸಮವೆಂದಿಟ್ಟು ಅಂತಿಮ ತಾಪವನ್ನು ಕಂಡುಹಿಡಿಯುವ ಉಷ್ಣಮಾಪನದ ಲೆಕ್ಕಗಳಲ್ಲಿ, ಕೂಡಿಸಿ ಕಳೆಯುವಲ್ಲಿ ಆದ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಆದರೆ ಸ್ಥಿತಿ ಬದಲಾವಣೆಯ ಒಂದು ಹಂತವನ್ನೇ ಬಿಟ್ಟು ಬರೆದ ಉತ್ತರ ಅನುಭವಿ ಅಧ್ಯಾಪಕರ ಕಣ್ಣನ್ನೂ ಕೆಲವೊಮ್ಮೆ ತಪ್ಪಿಸುತ್ತದೆ. ಅಂಥ ಉತ್ತರ ಅಸಂಬದ್ಧವಾಗಿ ಕಾಣುವುದಿಲ್ಲ ಎಂಬುದೇ ಇದಕ್ಕೆ ಕಾರಣ.

30 ಡಿಗ್ರಿ ಸೆಲ್ಸಿಯಸ್ ತಾಪದ 200 ಗ್ರಾಂ ನೀರಿಗೆ −10 ಡಿಗ್ರಿಯ 50 ಗ್ರಾಂ ಮಂಜುಗಡ್ಡೆಯನ್ನು ಹಾಕಿದ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ಒಂದು ಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಉಷ್ಣವೇ ವಿಶಿಷ್ಟೋಷ್ಣ. ಅದು ನೀರಿಗೆ ಸುಮಾರು 4.2 ಜೌಲ್, ಮಂಜುಗಡ್ಡೆಗೆ 2.1 ಜೌಲ್. ತಾಪವನ್ನು ಏರಿಸದೆ ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲಷ್ಟೇ ವ್ಯಯವಾಗುವ ಉಷ್ಣವು ಕರಗುವಿಕೆಯ ಗುಪ್ತೋಷ್ಣ, ಸುಮಾರು 334 ಜೌಲ್. ವಿದ್ಯಾರ್ಥಿಯು ಮಂಜುಗಡ್ಡೆಯನ್ನು ಸೊನ್ನೆಗೆ ತರುವ 1050 ಜೌಲ್‌ಗಳನ್ನು ಸರಿಯಾಗಿಯೇ ಬರೆದು, ಅಲ್ಲಿಂದ ನೇರವಾಗಿ ಅದನ್ನು ನೀರೆಂದು ಭಾವಿಸಿ ಮುಂದುವರಿದರೆ ಅಂತಿಮ ತಾಪ 23 ಡಿಗ್ರಿ ಬರುತ್ತದೆ. ಕರಗಲು ಬೇಕಾದ 16,700 ಜೌಲ್‌ಗಳನ್ನು ಸೇರಿಸಿದರೆ ಬರುವುದು 7.1 ಡಿಗ್ರಿ ಮಾತ್ರ.

ಉತ್ತರವನ್ನು ಪರೀಕ್ಷಿಸಲು ತರಗತಿಗಳಲ್ಲಿ ಸಾಮಾನ್ಯವಾಗಿ ಕಲಿಸುವ ಎರಡು ಉಪಾಯಗಳೂ ಇಲ್ಲಿ ಕೈಕೊಡುತ್ತವೆ. ಅಂತಿಮ ತಾಪವು ಎರಡು ಆರಂಭಿಕ ತಾಪಗಳ ನಡುವೆ ಇರಬೇಕು ಎಂಬ ನಿಯಮವನ್ನು 23 ಡಿಗ್ರಿ ಸಲೀಸಾಗಿ ದಾಟುತ್ತದೆ. ಉತ್ತರವನ್ನು ಸಮೀಕರಣದಲ್ಲಿ ಮರಳಿ ಇಟ್ಟು ನೋಡಿದರೆ ಎರಡೂ ಬದಿಯಲ್ಲಿ 5880 ಜೌಲ್ ಬಂದು, ತಪ್ಪು ಉತ್ತರಕ್ಕೆ ಸರಿಯೆಂಬ ಮುದ್ರೆ ಬೀಳುತ್ತದೆ, ಏಕೆಂದರೆ ಬಿಟ್ಟುಹೋದ ಹಂತ ಆ ಸಮೀಕರಣದಲ್ಲಿಯೂ ಇಲ್ಲ. ಆದ್ದರಿಂದ ಪರೀಕ್ಷಿಸುವವರು ವಿದ್ಯಾರ್ಥಿಯ ಸಮೀಕರಣವನ್ನು ಪಕ್ಕಕ್ಕಿಟ್ಟು, −10 ಡಿಗ್ರಿಯ ಮಂಜುಗಡ್ಡೆ 23 ಡಿಗ್ರಿಯ ನೀರಾಗಲು ಸಾಗುವ ದಾರಿಯನ್ನು ಹೊಸದಾಗಿ ಬರೆದುಕೊಳ್ಳಬೇಕಾಗುತ್ತದೆ: ಸೊನ್ನೆಯವರೆಗೆ ಬಿಸಿಯಾಗುವುದು, ಅಲ್ಲಿಯೇ ನಿಂತು ಕರಗುವುದು, ನೀರಾಗಿ ಮತ್ತೆ ಬಿಸಿಯಾಗುವುದು. ಈ ಮೂರಕ್ಕೂ ಸೇರಿ 22,580 ಜೌಲ್ ಬೇಕು, ಆದರೆ ನೀರು 30ರಿಂದ 23ಕ್ಕೆ ಇಳಿಯುವಾಗ ಕೊಡುವುದು 5880 ಮಾತ್ರ. ಕೊರತೆ ನಿಖರವಾಗಿ 16,700 ಜೌಲ್, ಅಂದರೆ ಬಿಟ್ಟುಹೋದ ಗುಪ್ತೋಷ್ಣವೇ. ಹೀಗಾಗಿ ತಪ್ಪಿದೆ ಎಂಬುದರ ಜೊತೆಗೆ ಯಾವ ಹಂತದಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಇದೇ ಪ್ರಶ್ನೆಗೆ 25.6 ಡಿಗ್ರಿ ಎಂಬ ಉತ್ತರ ಬಂದಿದ್ದರೆ ದೋಷ ಇನ್ನೂ ಒಂದು ಹೆಜ್ಜೆ ಆಳದ್ದು: ಕರಗುವ ಹಂತವನ್ನು ಬಿಟ್ಟದ್ದಲ್ಲದೆ, ಕರಗಿದ ನೀರಿಗೂ ಮಂಜುಗಡ್ಡೆಯ ವಿಶಿಷ್ಟೋಷ್ಣವನ್ನೇ ಬಳಸಲಾಗಿದೆ.

ಪ್ರಯೋಗಾಲಯದಲ್ಲಿ ತಾಪಮಾಪಕ ಏಳೆಂಟು ಡಿಗ್ರಿ ತೋರಿಸಿದಾಗ, 23 ಎಂದು ಲೆಕ್ಕ ಹಾಕಿದವರು ಆ ಅಂತರವನ್ನು ಸುತ್ತಲಿನೊಡನೆ ನಡೆದ ಉಷ್ಣ ವಿನಿಮಯದ ತಲೆಗೆ ಕಟ್ಟುವುದುಂಟು. ಈ ಸಮಜಾಯಿಷಿ ನಿಲ್ಲುವುದಿಲ್ಲ. ಕೋಣೆಯ ತಾಪ 28 ಡಿಗ್ರಿ ಇದ್ದರೆ ಗಾಳಿಯಿಂದ ಪಾತ್ರೆಗೆ ಉಷ್ಣ ಒಳಬರುತ್ತದೆ, 30 ಡಿಗ್ರಿಯಲ್ಲಿದ್ದ ಪಾತ್ರೆಯ ಲೋಹವೂ ತನ್ನ ಪಾಲಿನ ಉಷ್ಣವನ್ನು ಬಿಟ್ಟುಕೊಡುತ್ತದೆ. ಎರಡೂ ಅಳತೆಯನ್ನು ಲೆಕ್ಕಕ್ಕಿಂತ ಮೇಲಕ್ಕೆ ತಳ್ಳುತ್ತವೆಯೇ ಹೊರತು ಕೆಳಕ್ಕಲ್ಲ.

ಇದರ ಮುಂದಿನ ತೊಡಕು, ತಪ್ಪನ್ನು ತಿದ್ದಿಕೊಂಡ ವಿದ್ಯಾರ್ಥಿಗೇ ಎದುರಾಗುತ್ತದೆ. ಮಂಜುಗಡ್ಡೆ 100 ಗ್ರಾಂ ಇದ್ದು ಉಳಿದದ್ದೆಲ್ಲ ಹಾಗೆಯೇ ಇದ್ದರೆ, ಗುಪ್ತೋಷ್ಣವನ್ನು ಯಾಂತ್ರಿಕವಾಗಿ ಸೇರಿಸಿದ ಸಮೀಕರಣ −8.2 ಡಿಗ್ರಿ ಎಂಬ ಉತ್ತರ ಕೊಡುತ್ತದೆ. ಎಲ್ಲವೂ ಕರಗಿ ನೀರಾಗಿದೆ ಎಂದು ಭಾವಿಸಿ ಬರೆದ ಸಮೀಕರಣದಿಂದ ಹೆಪ್ಪುಗಟ್ಟುವ ಬಿಂದುವಿಗಿಂತ ಕೆಳಗಿನ ತಾಪ ಬಂದರೆ, ಆ ಭಾವನೆಯೇ ತಪ್ಪೆಂದು ತಿಳಿಯಬೇಕು. ನೀರು ಸೊನ್ನೆಗೆ ಇಳಿಯುವಷ್ಟರಲ್ಲಿ ಕೊಡಬಲ್ಲದ್ದು 25,200 ಜೌಲ್. ಅದರಲ್ಲಿ ಮಂಜುಗಡ್ಡೆಯನ್ನು ಸೊನ್ನೆಗೆ ತರಲು 2100 ಹೋದರೆ, ಉಳಿದ 23,100 ಜೌಲ್ ಸುಮಾರು 69 ಗ್ರಾಂ ಮಂಜುಗಡ್ಡೆಯನ್ನಷ್ಟೇ ಕರಗಿಸುತ್ತದೆ. ಅಂತಿಮ ತಾಪ ಸೊನ್ನೆ, ಮತ್ತು 31 ಗ್ರಾಂ ಮಂಜುಗಡ್ಡೆ ತೇಲುತ್ತಲೇ ಇರುತ್ತದೆ. ವಿಚಿತ್ರವೆಂದರೆ ಹಂತವನ್ನು ಪೂರ್ತಿ ಬಿಟ್ಟವರಿಗೆ ಇಲ್ಲಿಯೂ 18.3 ಡಿಗ್ರಿ ಎಂಬ ಯಾರಿಗೂ ಅನುಮಾನ ಬಾರದ ಉತ್ತರ ಸಿಗುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವುದು ಹೆಚ್ಚು ತಿಳಿದವರ ಉತ್ತರದಲ್ಲಿ ಮಾತ್ರ.

ಅಂತಿಮ ತಾಪವೊಂದನ್ನೇ ಕೇಳುವ ಪ್ರಶ್ನೆಯು ಈ ತಪ್ಪಿಗೆ ಮರೆಯಾಗಿ ನಿಲ್ಲುತ್ತದೆ. ಪ್ರಶ್ನೆಪತ್ರಿಕೆ ರೂಪಿಸುವವರು ತಾಪದ ಜೊತೆಗೆ ಎಷ್ಟು ಗ್ರಾಂ ಮಂಜುಗಡ್ಡೆ ಕರಗದೆ ಉಳಿಯಿತು ಎಂಬುದನ್ನೂ ಕೇಳಬೇಕು, ಮತ್ತು −8.2 ಡಿಗ್ರಿ ಬರೆದ ವಿದ್ಯಾರ್ಥಿಗೆ 18.3 ಡಿಗ್ರಿ ಬರೆದವರಿಗಿಂತ ಹೆಚ್ಚು ಅಂಕ ಕೊಡಬೇಕು.