ಮಾತ್ರೆ ಯಾವಾಗ ನಿಲ್ಲಿಸಬಹುದು?

ಪ್ರಶ್ನೆ: ನನ್ನ ಮಗನಿಗೆ 26 ವರ್ಷ. ಗ್ಯಾರೇಜಿನಲ್ಲಿ ಕೆಲಸ. ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಪುಡಿ ಮಾಡಿ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದ. ನಾಲ್ಕು ತಿಂಗಳಿಂದ ಜಿಲ್ಲಾ ಆಸ್ಪತ್ರೆಯಲ್ಲಿ ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಡುತ್ತಿದ್ದಾರೆ. ಮೊದಲ ದಿನ ಅವನು ನರಳುತ್ತಿದ್ದರೂ ಮಧ್ಯಾಹ್ನದವರೆಗೆ ಕೂರಿಸಿದರು. ಡೋಸು 12 ಮಿಲಿಗ್ರಾಂ. ಈಗಲೂ ದಿನಾ ಹೋಗಬೇಕು, ಮನೆಗೆ ಕೊಡುವುದಿಲ್ಲ. ಮನೆಯಲ್ಲಿ ಮಗಳ ಪುಟ್ಟ ಕೂಸೂ ಇದೆ. ಮೇ ತಿಂಗಳಲ್ಲಿ ಅವನ ಮದುವೆ ಇದೆ. ಅಷ್ಟರೊಳಗೆ ನಿಲ್ಲಿಸಿ ಎಂದರೆ ಡಾಕ್ಟರು ಒಪ್ಪುತ್ತಿಲ್ಲ. ಒಂದು ನಶೆ ಬಿಡಿಸಿ ಇನ್ನೊಂದು ಹಚ್ಚಿದರೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಅಮ್ಮಾ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ಉತ್ತರ ಅದರಲ್ಲೇ ಇದೆ.

ನಿಮ್ಮ ಮಗನಿಗೆ ಕೊಡುತ್ತಿರುವುದು ಬ್ಯುಪ್ರೆನಾರ್ಫಿನ್. ಹೌದು, ಇದೂ ಅಫೀಮಿನ ಗುಂಪಿನದೇ ಔಷಧಿ. ಮಿದುಳಿನಲ್ಲಿ ಟ್ಯಾಪೆಂಟಡಾಲ್ ಹಿಡಿಯುವ ಜಾಗವನ್ನೇ ಹಿಡಿಯುತ್ತದೆ. ಆದರೆ ಅಲ್ಲಿ ಅರ್ಧಂಬರ್ಧ ಕೆಲಸ ಮಾಡುತ್ತದೆ, ಒಮ್ಮೆ ಕೂತರೆ ಒಂದು ದಿನಕ್ಕೂ ಹೆಚ್ಚು ಹೊತ್ತು ಬಿಡುವುದಿಲ್ಲ. ಟ್ಯಾಪೆಂಟಡಾಲ್ ಕೆಲವೇ ಗಂಟೆಗಳಲ್ಲಿ ಇಳಿದು ಮತ್ತೆ ಸೂಜಿ ಕೇಳುತ್ತಿತ್ತು. ಇದನ್ನು ಬೆಳಿಗ್ಗೆ ಒಮ್ಮೆ ಇಟ್ಟುಕೊಂಡರೆ ಮರುದಿನದವರೆಗೆ ಮೈಕೈ ನೋವಿಲ್ಲ, ತೇಲಾಟವಿಲ್ಲ. ಅವನು ಸ್ಪ್ಯಾನರ್ ಹಿಡಿದು ನಿಲ್ಲಬಲ್ಲ. ದೇಹ ಔಷಧಿಗೆ ಒಗ್ಗಿರುವುದು ನಿಜ. ಆದರೆ ದುಡ್ಡು ಕದಿಯುವುದು, ಸೂಜಿ ಹಂಚಿಕೊಳ್ಳುವುದು, ರಸ್ತೆಯಲ್ಲಿ ಕುಸಿದು ಬೀಳುವುದು, ಇವೆಲ್ಲ ನಿಂತಿವೆ. ಚಟ ಎಂದರೆ ಆ ಬದುಕು. ಈ ಮಾತ್ರೆಯನ್ನು ಇನ್ನೊಂದು ನಶೆ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮೊದಲ ದಿನ ಕಾಯಿಸಿದ್ದು ನಿಮಗೆ ಕ್ರೌರ್ಯವಾಗಿ ಕಂಡಿದೆ. ಅದು ಅವನನ್ನು ಕಾಪಾಡಲು ಮಾಡಿದ ಕೆಲಸ. ಬ್ಯುಪ್ರೆನಾರ್ಫಿನ್ ತುಂಬ ಗಟ್ಟಿಯಾಗಿ ಅಂಟಿಕೊಳ್ಳುವ ಔಷಧಿ. ಮೊದಲೇ ಕೂತವರನ್ನು ಎಬ್ಬಿಸಿ ಸೀಟು ಹಿಡಿಯುವ ಗಟ್ಟಿಗನ ಹಾಗೆ, ಟ್ಯಾಪೆಂಟಡಾಲ್ ಇನ್ನೂ ಇರುವಾಗ ಕೊಟ್ಟರೆ ಅದನ್ನು ಒಮ್ಮೆಲೇ ತಳ್ಳಿಬಿಡುತ್ತದೆ. ಮೂರು ದಿನ ಬರಬೇಕಾದ ವಾಂತಿ, ಭೇದಿ, ನಡುಕವೆಲ್ಲ ಅರ್ಧ ಗಂಟೆಯಲ್ಲಿ ಬರುತ್ತದೆ. ಅದನ್ನು ಒಮ್ಮೆ ಅನುಭವಿಸಿದ ಹುಡುಗ ಮತ್ತೆ ಕೇಂದ್ರದ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಕೊನೆಯ ಸೂಜಿಯಿಂದ ಕನಿಷ್ಠ 12 ಗಂಟೆ ಬಿಡುತ್ತಾರೆ. ಕಣ್ಣಿನ ಪಾಪೆ ಅಗಲವಾಗಿದೆಯೇ, ಮೂಗು ಸೋರುತ್ತಿದೆಯೇ, ಆಕಳಿಕೆ ಬರುತ್ತಿದೆಯೇ, ಮೈ ಜುಮ್ಮೆಂದು ರೋಮ ನಿಂತಿದೆಯೇ ಎಂದು ನೋಡಿ ಅಂಕ ಹಾಕುತ್ತಾರೆ. ಅಂಕ ಸಾಕಷ್ಟು ಏರಿದ ಮೇಲಷ್ಟೇ ಮಾತ್ರೆ. ಸಾಮಾನ್ಯವಾಗಿ 2 ಮಿಲಿಗ್ರಾಂ ಕೊಟ್ಟು, ಒಂದೆರಡು ಗಂಟೆ ಕೂರಿಸಿ, ಸಂಕಟ ಉಳಿದಿದ್ದರೆ ಇನ್ನೆರಡು ಕೊಡುತ್ತಾರೆ. ಮರುದಿನದಿಂದ ಎರಡೆರಡಾಗಿ ಏರಿಸುತ್ತಾರೆ. ಬಹಳ ಜನರಿಗೆ 8ರಿಂದ 16 ಮಿಲಿಗ್ರಾಂ ಒಳಗೆ ಹದ ಸಿಗುತ್ತದೆ. ನಿಮ್ಮ ಮಗನ ಡೋಸು 12 ಎಂದು ಬರೆದಿದ್ದೀರಿ, ಅದು ಸರಿಯಾದ ಮಟ್ಟವೇ. ಹೆಚ್ಚಾಯಿತೇನೋ ಎಂದು ಹೆದರಿ ಕಡಿಮೆ ಮಾಡಿಸಲು ಹೋಗಬೇಡಿ. ಡೋಸು ಸಾಲದಿದ್ದರೆ ಸಂಜೆಗೆ ಮೈ ಮುರಿಯುತ್ತದೆ, ಹಳೆಯ ಗೆಳೆಯನ ನಂಬರು ನೆನಪಾಗುತ್ತದೆ. ಹೆಚ್ಚಾದರೆ ಬೈಕ್ ಕೆಳಗೆ ಕೂತಲ್ಲೇ ತೂಕಡಿಸುತ್ತಾನೆ. ಈ ಎರಡರಲ್ಲಿ ಯಾವುದು ಕಂಡರೂ ಡಾಕ್ಟರಿಗೆ ಹೇಳಿ.

ಇನ್ನು ಮನೆಗೆ ಕೊಡುವ ವಿಷಯ. ಈ ಮಾತ್ರೆಗೆ ಹೊರಗೆ ಬೆಲೆಯಿದೆ, ಕರಗಿಸಿ ಚುಚ್ಚಿಕೊಳ್ಳುವವರೂ ಇದ್ದಾರೆ. ಅದಕ್ಕೇ ನರ್ಸ್ ಎದುರಿಗೇ ನಾಲಿಗೆ ಕೆಳಗಿಟ್ಟು, ಪೂರ್ತಿ ಕರಗಿತೇ ಎಂದು ಬಾಯಿ ತೆರೆಸಿ ನೋಡುತ್ತಾರೆ. ಅನೇಕ ಕೇಂದ್ರಗಳು ಮನೆಗೆ ಕೊಡುವಾಗ ನಾಲಾಕ್ಸೋನ್ ಬೆರೆತ ಮಾತ್ರೆಯನ್ನೇ ಕೊಡುತ್ತವೆ. ನಾಲಿಗೆ ಕೆಳಗಿಟ್ಟರೆ ನಾಲಾಕ್ಸೋನ್ ಹೆಚ್ಚು ಹೀರಿಕೆಯಾಗುವುದಿಲ್ಲ. ಬೇರೆ ಅಫೀಮು ಮದ್ದಿನ ಚಟದಲ್ಲಿರುವವನು ಚುಚ್ಚಿಕೊಂಡರೆ ಮಾತ್ರ ಸಂಕಟ ಎಬ್ಬಿಸುತ್ತದೆ.

ದಿನಗಳ ಲೆಕ್ಕ ಒಂದೊಂದು ಕೇಂದ್ರದಲ್ಲಿ ಒಂದೊಂದು ರೀತಿ. ಆದರೆ ನೋಡುವುದು ಹೆಚ್ಚುಕಡಿಮೆ ಇಷ್ಟನ್ನೇ: ಡೋಸು ಕೆಲವು ವಾರಗಳಿಂದ ಬದಲಾಗದೆ ನಿಂತಿದೆಯೇ, ಹಾಜರಿ ತಪ್ಪಿಲ್ಲವೇ, ಮೂತ್ರ ಪರೀಕ್ಷೆಯಲ್ಲಿ ಬೇರೆ ಮದ್ದು ಕಾಣುತ್ತಿಲ್ಲವೇ, ಕುಡಿತ ಅಥವಾ ನಿದ್ದೆ ಮಾತ್ರೆ ಇಲ್ಲವೇ, ಮನೆಯಲ್ಲಿ ಬೀಗ ಹಾಕುವ ಜಾಗ ಇದೆಯೇ. ಇದರಲ್ಲಿ ಕುಡಿತ ಮತ್ತು ನಿದ್ದೆ ಮಾತ್ರೆಯ ಪ್ರಶ್ನೆ ಬರೀ ಶಿಸ್ತಿನದಲ್ಲ. ಬ್ಯುಪ್ರೆನಾರ್ಫಿನ್ ಒಂದೇ ಇದ್ದಾಗ, ಅದಕ್ಕೆ ಒಗ್ಗಿದ ದೊಡ್ಡವರ ಉಸಿರು ನಿಲ್ಲುವುದು ಅಪರೂಪ. ಆಲ್‌ಪ್ರಜೋಲಂ ಅಥವಾ ಸಾರಾಯಿ ಜೊತೆ ಸೇರಿದರೆ ನಿಲ್ಲಬಹುದು. ನಿಮ್ಮ ಮಗ ಈ ಪರೀಕ್ಷೆಗಳಲ್ಲಿ ಪಾಸಾಗುತ್ತಿದ್ದರೆ, ಮೊದಲು ಭಾನುವಾರದ ಒಂದು ದಿನಕ್ಕೆ ಕೇಳಿ. ಅದು ಸರಿಹೋದರೆ ಮೂರು ದಿನ, ಆಮೇಲೆ ವಾರ. ಗ್ಯಾರೇಜಿನ ಪಾಳಿ ಬರೆಸಿಕೊಂಡು ಹೋದರೆ ಡಾಕ್ಟರಿಗೂ ಲೆಕ್ಕ ಹಾಕಲು ಸುಲಭ. ಖಾಲಿ ಪಟ್ಟಿಗಳನ್ನು ವಾಪಸ್ ಒಯ್ಯಬೇಕು. ನಡುವೆ ಯಾವಾಗಲಾದರೂ ಕರೆದು ಉಳಿದ ಮಾತ್ರೆ ಎಣಿಸಬಹುದು, ಅದನ್ನು ಅವಮಾನ ಎಂದುಕೊಳ್ಳಬೇಡಿ. ಎಣಿಕೆ ತಪ್ಪಿದರೆ ಚಿಕಿತ್ಸೆ ನಿಲ್ಲಿಸುವುದು ಸರಿಯಾದ ಕ್ರಮವಲ್ಲ, ಮತ್ತೆ ದಿನಾ ಎದುರಿಗೇ ಕೊಡುವುದು ಸರಿಯಾದ ಕ್ರಮ.

ನಿಮ್ಮ ಮನೆಯಲ್ಲಿ ಮಗಳ ಪುಟ್ಟ ಕೂಸು ಇದೆ ಎಂದು ಬರೆದಿದ್ದೀರಿ. ಒಂದೇ ಮಾತ್ರೆ ಅದರ ಉಸಿರು ನಿಲ್ಲಿಸಬಲ್ಲದು. ದೇವರ ಗೂಡು, ಅಡುಗೆಮನೆ ಡಬ್ಬಿ ಬೇಡ. ಬೀಗವಿರುವ ಟ್ರಂಕು ಇರಲಿ, ಕೀಲಿ ನಿಮ್ಮ ಹತ್ತಿರ ಇರಲಿ. ಮಗು ಬಾಯಿಗೆ ಹಾಕಿಕೊಂಡಿತೆಂಬ ಅನುಮಾನ ಬಂದರೆ ನಿದ್ದೆ ಬರುತ್ತದೋ ಇಲ್ಲವೋ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಈಗ ಮೇ ತಿಂಗಳು. ಲೆಕ್ಕ ಹಾಕೋಣ. 12 ಮಿಲಿಗ್ರಾಂನಿಂದ ತಿಂಗಳಿಗೆ ಎರಡರಂತೆ ಇಳಿಸಿದರೆ 2ಕ್ಕೆ ಬರಲು ಐದು ತಿಂಗಳು. ಕೊನೆಯ 2 ಮಿಲಿಗ್ರಾಂ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ 0.4ರ ಸಣ್ಣ ಮಾತ್ರೆಗಳ ಲೆಕ್ಕದಲ್ಲಿ ಇಳಿಸುತ್ತಾರೆ, ಅದಕ್ಕೆ ಮತ್ತೆ ಮೂರು ನಾಲ್ಕು ತಿಂಗಳು. ಎಲ್ಲ ನೆಟ್ಟಗೆ ಹೋದರೂ ಎಂಟೊಂಬತ್ತು ತಿಂಗಳಾಯಿತು. ಅದೂ ಇಂದೇ ಇಳಿಸಲು ಶುರು ಮಾಡಿದರೆ. ನಾಲ್ಕು ತಿಂಗಳಿಗೇ ಶುರು ಮಾಡಬಾರದು ಎನ್ನುವುದು ಡಾಕ್ಟರ ಮಾತು, ಅದರಲ್ಲಿ ನಾನು ಅವರ ಕಡೆ. ಕನಿಷ್ಠ ಒಂದು ವರ್ಷ ಬೇರೆ ಮದ್ದಿಲ್ಲದೆ, ಕೆಲಸ ಕೈಬಿಡದೆ, ಹಳೆಯ ಕೂಟದಿಂದ ದೂರ ಇದ್ದವನು, ತಾನಾಗಿಯೇ ‘ಈಗ ಇಳಿಸೋಣ’ ಎಂದಾಗ ಇಳಿಸಬೇಕು. ತಾಯಿಗೆ ಬೇಕೆಂದು, ಬೀಗರು ಕೇಳುತ್ತಾರೆಂದು ಇಳಿಸಬಾರದು. ಇಳಿಸುವಾಗ ಹಂಬಲ ಮರಳಿದರೆ ಅಲ್ಲೇ ನಿಲ್ಲುವುದು, ಬೇಕಾದರೆ ಹಿಂದಿನ ಡೋಸಿಗೆ ಏರುವುದು. ಕೆಲವರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ, ಅದೂ ಸರಿಯೇ.

ಅವಸರದ ಅಪಾಯ ಇದು. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ದೇಹದ ಒಗ್ಗಿಕೆ ಇಳಿದಿರುತ್ತದೆ, ಕೈಗೆ ಮಾತ್ರ ಹಳೆಯ ಅಳತೆ ನೆನಪಿರುತ್ತದೆ. ಅಂದು ತಡೆದುಕೊಂಡಿದ್ದ ಪ್ರಮಾಣವೇ ಈಗ ಪ್ರಾಣ ತೆಗೆಯುತ್ತದೆ. ಚಿಕಿತ್ಸೆ ಬಿಟ್ಟ ಮೊದಲ ವಾರಗಳೇ ಅತ್ಯಂತ ಅಪಾಯದವು. ಮದುವೆ ಗಲಾಟೆಯಲ್ಲಿ ಒಂದೆರಡು ದಿನ ಹಾಜರಿ ತಪ್ಪಿದರೆ ಸಾಮಾನ್ಯವಾಗಿ ಅದೇ ಡೋಸು ಮುಂದುವರಿಸುತ್ತಾರೆ. ಐದು ದಿನ ದಾಟಿದರೆ ಮೊದಲಿನಿಂದ ಸಣ್ಣ ಡೋಸಿನಲ್ಲಿ ಶುರು. ಅದಕ್ಕೆ ಮದುವೆಯ ತಾರೀಖನ್ನು ಈಗಲೇ ಕೇಂದ್ರಕ್ಕೆ ತಿಳಿಸಿ, ಆ ದಿನಗಳ ಮಾತ್ರೆಗೆ ಮೊದಲೇ ಒಪ್ಪಿಗೆ ಪಡೆಯಿರಿ.

ಹುಡುಗಿಗೆ ಹೇಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೇಳಬೇಕು, ತಾಳಿಗೆ ಮೊದಲೇ, ಮಗನ ಬಾಯಿಂದಲೇ. ಸೂಜಿ ಬಳಸಿದವನಾದ್ದರಿಂದ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳ ಫಲಿತಾಂಶವೂ ಅವಳಿಗೆ ಗೊತ್ತಿರಬೇಕು. ಪರೀಕ್ಷೆ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಹೆಪಟೈಟಿಸ್ ಸಿ ಇದ್ದರೂ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ ಔಷಧಿ ಇದೆ, ಹೆಚ್ಚಿನವರಿಗೆ ವಾಸಿಯೂ ಆಗುತ್ತದೆ. ಅವನೇ ಹೇಳಲು ಅಂಜಿದರೆ ಕೇಂದ್ರದ ಆಪ್ತಸಮಾಲೋಚಕರ ಎದುರು ಇಬ್ಬರನ್ನೂ ಕೂರಿಸಲು ಕೇಳಿಕೊಳ್ಳಿ. ನಿಮಗೇ ರಾತ್ರಿ ನಿದ್ದೆ ಬಾರದೆ ಯಾರೊಡನಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.