ಔನ್ಸಿನ ಬೆಲೆಯಿಂದ ಹತ್ತು ಗ್ರಾಂ ಚಿನ್ನದ ಬೆಲೆಗೆ

ವಿದ್ಯಾರ್ಥಿಗಳೇ, ಅವಲಪಲ್ಲಿಯಿಂದ ಹೊಸೂರು ಪೇಟೆಗೆ ಹೋದಾಗ ಚಿನ್ನದಂಗಡಿಯ ಬೋರ್ಡು ನೋಡಿರುತ್ತೀರಿ. ಅಲ್ಲಿ 22 ಕ್ಯಾರೆಟ್ ಚಿನ್ನದ ಬೆಲೆ ಒಂದು ಗ್ರಾಂಗೆ ಇಷ್ಟು, ಒಂದು ಸವರನ್‌ಗೆ, ಅಂದರೆ 8 ಗ್ರಾಂಗೆ, ಇಷ್ಟು ಅಂತ ಇರುತ್ತದೆ. ಬೆಂಗಳೂರಿನ ಪತ್ರಿಕೆಯಲ್ಲಿ 10 ಗ್ರಾಂ ಶುದ್ಧ ಚಿನ್ನದ ಬೆಲೆ ಕೊಟ್ಟಿರುತ್ತಾರೆ. ಲಂಡನ್ ಮಾರುಕಟ್ಟೆಯಲ್ಲಾದರೆ ಬೆಲೆ ಹೇಳುವುದು ಒಂದು ಔನ್ಸಿಗೆ ಇಷ್ಟು ಡಾಲರ್ ಎಂದು. ಇವೆಲ್ಲ ಒಂದೇ ಚಿನ್ನದ ಬೆಲೆಗಳೇ. ಒಂದರಿಂದ ಇನ್ನೊಂದನ್ನು ತೆಗೆಯುವುದು ಹೇಗೆಂದು ನೋಡೋಣ.

ಯಾವ ಔನ್ಸ್?

ಮೊದಲು ಎಡವುವುದು ಇಲ್ಲೇ. ಅಡುಗೆ ಸಾಮಾನು ತೂಗುವ ಸಾಮಾನ್ಯ ಔನ್ಸ್ ಅಂದರೆ 28.35 ಗ್ರಾಂ. ಚಿನ್ನ ಬೆಳ್ಳಿ ತೂಗುವುದು ಟ್ರಾಯ್ ಔನ್ಸಿನಲ್ಲಿ, ಅದು 31.1035 ಗ್ರಾಂ. ಎರಡಕ್ಕೂ ಸುಮಾರು ಶೇ. 10ರಷ್ಟು ವ್ಯತ್ಯಾಸವಿದೆ. ಚಿನ್ನದ ಲೆಕ್ಕಕ್ಕೆ ಯಾವಾಗಲೂ ಟ್ರಾಯ್ ಔನ್ಸನ್ನೇ ತೆಗೆದುಕೊಳ್ಳಿ.

ಒಂದು ನಿಜವಾದ ದಿನದ ಲೆಕ್ಕ

2024ರ ಜುಲೈ 23ರಂದು ಕೇಂದ್ರ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿದರು. ಆಗ ಲಂಡನ್ ಬೆಲೆ ಔನ್ಸಿಗೆ ಸುಮಾರು 2,400 ಡಾಲರ್, ಒಂದು ಡಾಲರಿಗೆ ಸುಮಾರು 83.70 ರೂಪಾಯಿ ಇತ್ತು. ಒಂದೊಂದೇ ಹೆಜ್ಜೆ ಇಡೋಣ.

ಮೊದಲ ಹೆಜ್ಜೆ, ತೂಕ. 2,400ನ್ನು 31.1035ರಿಂದ ಭಾಗಿಸಿದರೆ ಒಂದು ಗ್ರಾಂಗೆ 77.162 ಡಾಲರ್. ಹತ್ತು ಗ್ರಾಂಗೆ 771.62 ಡಾಲರ್.

ಎರಡನೆಯದು, ಹಣ. 771.62ನ್ನು 83.70ರಿಂದ ಗುಣಿಸಿದರೆ ಸುಮಾರು 64,585 ರೂಪಾಯಿ. ಇದು ಸುಂಕವಿಲ್ಲದ ಬೆಲೆ.

ಮೂರನೆಯದು, ಸುಂಕ. ಶೇ. 6 ಸೇರಿಸಲು 1.06ರಿಂದ ಗುಣಿಸಿ. ಸುಮಾರು 68,460 ರೂಪಾಯಿ ಬರುತ್ತದೆ. ಹಳೆಯ ಶೇ. 15 ಸುಂಕವಿದ್ದಿದ್ದರೆ 1.15ರಿಂದ ಗುಣಿಸಬೇಕಿತ್ತು, ಆಗ 74,272 ರೂಪಾಯಿ.

ಎರಡಕ್ಕೂ ಇರುವ ಅಂತರ 5,800 ರೂಪಾಯಿಗೂ ಹೆಚ್ಚು! ಲಂಡನ್ನಿನಲ್ಲಿ ಬೆಲೆ ಇದ್ದ ಹಾಗೇ ಇದ್ದರೂ ನಮ್ಮ ದೇಶದ ಬಜಾರಿನಲ್ಲಿ ಅದೇ ದಿನ ಚಿನ್ನ ಸಾವಿರಾರು ರೂಪಾಯಿ ಇಳಿಯಿತು. ಮರುವಾರ ಮದುವೆಗೆ ಒಡವೆ ಕೊಳ್ಳುವವರಿಗೆ ಅದು ಲಾಭ. ಹಳೆಯ ಸುಂಕ ಕಟ್ಟಿ ಚಿನ್ನ ತಂದಿಟ್ಟಿದ್ದ ವ್ಯಾಪಾರಿಗೆ ನಷ್ಟ. ಬೆಲೆ ಬದಲಾದಾಗ ಔನ್ಸಿನ ಬೆಲೆ, ಡಾಲರಿನ ಬೆಲೆ, ಸುಂಕ ಈ ಮೂರರಲ್ಲಿ ಯಾವುದು ಬದಲಾಯಿತು ಅಂತ ಕೇಳಬೇಕಾದ್ದು ಇದಕ್ಕೇ.

ಇಡೀ ಲೆಕ್ಕ ಒಂದೇ ಸಾಲಿನಲ್ಲಿ:

```
(2400 ÷ 31.1035) × 10 × 83.70 × 1.06 ≈ 68,460
```

ತಪ್ಪನ್ನು ಹಿಡಿಯುವುದು ಹೇಗೆ?

ಯಾರಾದರೂ 31.1035ರ ಬದಲು 28.35 ಹಾಕಿದರೆ ಎರಡನೇ ಹೆಜ್ಜೆಯಲ್ಲೇ 70,857 ಬಂದುಬಿಡುತ್ತದೆ. ಸುಂಕ ಸೇರಿಸುವ ಮೊದಲೇ ಅದು ಸುಂಕ ಸೇರಿದ ಸರಿಯಾದ ಬೆಲೆಯನ್ನು ದಾಟಿತು, ನೋಡಿದಿರಾ? ಬಾಯಿಲೆಕ್ಕದ ಪರೀಕ್ಷೆಯೂ ಇದೆ. ಹತ್ತು ಗ್ರಾಂ ಅಂದರೆ ಟ್ರಾಯ್ ಔನ್ಸಿನಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. 2,400ರ ಮೂರನೇ ಒಂದು ಪಾಲು 800. ಉತ್ತರ 800 ಡಾಲರಿಗಿಂತ ಸ್ವಲ್ಪ ಕಡಿಮೆ ಬಂದರೆ ಸರಿ, ಹೆಚ್ಚು ಬಂದರೆ ಔನ್ಸ್ ತಪ್ಪಾಗಿದೆ.

ಇನ್ನೊಂದು ತಪ್ಪು ತೆರಿಗೆಗಳನ್ನು ಕೂಡುವುದು. ಕೊಳ್ಳುವಾಗ ಶೇ. 3 ಜಿಎಸ್‌ಟಿ ಇದೆ. 6ಕ್ಕೆ 3 ಸೇರಿಸಿ ಶೇ. 9 ಅಂದುಕೊಳ್ಳಬೇಡಿ. ಜಿಎಸ್‌ಟಿ ಬೀಳುವುದು ಸುಂಕ ಸೇರಿದ ಬೆಲೆಯ ಮೇಲೆ. ಆದ್ದರಿಂದ 1.06 × 1.03 = 1.0918. ನಮ್ಮ ಲೆಕ್ಕದಲ್ಲಿ 70,514 ರೂಪಾಯಿ. ಬರೀ ಕೂಡಿದ್ದರೆ 116 ರೂಪಾಯಿ ಕಡಿಮೆ ಬರುತ್ತಿತ್ತು.

ಅಂಗಡಿ ಬೋರ್ಡಿಗೆ ಹೋಲಿಸುವಾಗ

ನಾವು ಲೆಕ್ಕ ಹಾಕಿದ್ದು 24 ಕ್ಯಾರೆಟ್ ಚಿನ್ನಕ್ಕೆ. 22 ಕ್ಯಾರೆಟ್ಟಿನಲ್ಲಿ 24 ಪಾಲಿಗೆ 22 ಪಾಲು ಮಾತ್ರ ಚಿನ್ನ, ಉಳಿದದ್ದು ಬೇರೆ ಲೋಹ. 68,460ನ್ನು 22/24ರಿಂದ ಗುಣಿಸಿದರೆ 62,755, ಅಂದರೆ ಒಂದು ಸವರನ್‌ಗೆ ಸುಮಾರು 50,204 ರೂಪಾಯಿ. ಇದರಲ್ಲಿ ಜಿಎಸ್‌ಟಿ, ಕೂಲಿ ಸೇರಿಲ್ಲ.

ಬೋರ್ಡಿನ ಬೆಲೆ ಇದಕ್ಕೆ ಪೈಸೆ ಪೈಸೆಗೂ ಹೊಂದುವುದಿಲ್ಲ. ವ್ಯಾಪಾರಿ ಗಿರಾಕಿ ಹೆಚ್ಚಿದ್ದಾಗ ಸ್ವಲ್ಪ ಮೇಲೆ, ಕಡಿಮೆಯಿದ್ದಾಗ ಸ್ವಲ್ಪ ಕೆಳಗೆ ಬೆಲೆ ಹೇಳುತ್ತಾನೆ. ಇನ್ನೊಂದು ಕಾರಣವೂ ಇದೆ. ಸರ್ಕಾರ ಸುಂಕ ಹಾಕುವುದು ಆ ಕ್ಷಣದ ಲಂಡನ್ ಬೆಲೆಯ ಮೇಲಲ್ಲ, ತಾನೇ ಸುಮಾರು 15 ದಿನಕ್ಕೊಮ್ಮೆ ಪ್ರಕಟಿಸುವ ಮೌಲ್ಯದ ಮೇಲೆ. ಆ ಮೌಲ್ಯವನ್ನು 10 ಗ್ರಾಂಗೆ ಇಷ್ಟು ಡಾಲರ್ ಎಂದೇ ಕೊಡುತ್ತಾರೆ, ನಮ್ಮ ಮೊದಲ ಹೆಜ್ಜೆಯ ಉತ್ತರದ ಹಾಗೆ.

ನೀವೇ ಮಾಡಿ

ಔನ್ಸಿಗೆ 2,000 ಡಾಲರ್, ಡಾಲರಿಗೆ 80 ರೂಪಾಯಿ, ಸುಂಕ ಶೇ. 10 ಇದ್ದರೆ 10 ಗ್ರಾಂ ಶುದ್ಧ ಚಿನ್ನಕ್ಕೆ ಎಷ್ಟು? ಉತ್ತರ ಸುಮಾರು 56,585 ರೂಪಾಯಿ ಬರಬೇಕು. ಬಂದ ಮೇಲೆ ಇವತ್ತಿನ ಬೆಲೆ, ಇವತ್ತಿನ ಸುಂಕದ ದರ ತಿಳಿದುಕೊಂಡು ಇದೇ ಲೆಕ್ಕ ಮಾಡಿ, ಹೊಸೂರಿನ ಬೋರ್ಡಿಗೆ ಹೋಲಿಸಿ ನೋಡಿ.