ರೆಸಲ್ಯೂಷನ್ ಪಾಸಾದರೆ ಕಾಲಂ ಸರಿಯಿದೆಯೇ?

ಪ್ರಶ್ನೆ: ಔಷಧ ತಯಾರಿಕಾ ಘಟಕದ ಕ್ಯೂಸಿ ಲ್ಯಾಬ್‌ನಲ್ಲಿದ್ದೇನೆ. ನಮ್ಮದು 150 ಮಿ.ಮೀ. ಉದ್ದದ, 5 ಮೈಕ್ರಾನ್‌ನ ಸಿ18 ಕಾಲಂ. ಮುಖ್ಯ ಪೀಕ್ ಮೊದಲಿನಂತೆ 6 ನಿಮಿಷಕ್ಕೇ ಬರುತ್ತಿದೆ. ಆದರೆ ಟೇಲಿಂಗ್ 1.1ರಿಂದ 1.8ಕ್ಕೆ ಏರಿದೆ. ರೆಸಲ್ಯೂಷನ್ 2.4ರಿಂದ 1.7ಕ್ಕೆ ಇಳಿದಿದ್ದರೂ ಮಿತಿ 1.5 ಇರುವುದರಿಂದ ಪಾಸಾಗುತ್ತಿದೆ. ಈ ಕಾಲಂ ಮುಂದುವರಿಸಬಹುದೇ?

ಉತ್ತರ: ಕಾರಣ ತಿಳಿಯುವವರೆಗೆ ಬೇಡ. ಟೇಲಿಂಗ್, ಪ್ಲೇಟ್ ಕೌಂಟ್, ರೆಸಲ್ಯೂಷನ್ ಈ ಮೂರರಲ್ಲಿ ಕೊನೆಗೆ ದೂರು ಹೇಳುವುದು ರೆಸಲ್ಯೂಷನ್. ಮೊದಲು ನಿಮ್ಮ ಪ್ಲೇಟ್ ಕೌಂಟ್ ಲೆಕ್ಕ ಹಾಕಿ ನೋಡಿ:

N = 5.54 × (tR / W½)²

ಅರ್ಧ ಎತ್ತರದಲ್ಲಿ ಪೀಕಿನ ಅಗಲ ಹಿಂದೆ 0.13 ನಿಮಿಷ ಇತ್ತೆಂದುಕೊಳ್ಳಿ, N ಸುಮಾರು 11,800. ಈಗ ಅದು 0.18 ಆಗಿದ್ದರೆ N ಸುಮಾರು 6,200. ಪ್ಲೇಟುಗಳು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿವೆ. ರೆಸಲ್ಯೂಷನ್ N ನ ವರ್ಗಮೂಲವನ್ನು ಅನುಸರಿಸುವುದರಿಂದ ಅದು ಇಳಿದದ್ದು 1.7ಕ್ಕೆ ಮಾತ್ರ. ಗ್ರೇಡಿಯಂಟ್ ವಿಧಾನವಾದರೆ ಈ ಸೂತ್ರ ಹೊಂದುವುದಿಲ್ಲ, ನೆನಪಿರಲಿ.

ಇನ್ನೊಂದು ಅಪಾಯವೂ ಇದೆ. ಅರ್ಧ ಎತ್ತರದ ಅಗಲಕ್ಕೆ ಬಾಲ ಅಷ್ಟಾಗಿ ಕಾಣುವುದಿಲ್ಲ, ಬಾಲ ಇರುವುದು ಬುಡದಲ್ಲಿ. ಮುಖ್ಯ ಪೀಕಿನ ಹಿಂದೆಯೇ ಬರುವ ಸಣ್ಣ ಅಶುದ್ಧಿ ಆ ಬಾಲದ ಮೇಲೆ ಕೂತಿದ್ದರೆ, 1.7 ಎಂಬ ಅಂಕಿ ಏನೇ ಹೇಳಲಿ, ಅದರ ಏರಿಯಾವನ್ನು ನಂಬುವಂತಿಲ್ಲ.

ಇನ್ನು ಕಾರಣ. ಬಾಲ ಬಂದಿರುವುದು ಯಾವ ಪೀಕಿಗೆ ಎಂದು ನೋಡಿ. ಎಲ್ಲ ಪೀಕುಗಳೂ ಒಂದೇ ರೀತಿ ಕೆಟ್ಟಿದ್ದರೆ ಕಾಲಂನ ತಲೆಯಲ್ಲಿ ಟೊಳ್ಳು ಬಿದ್ದಿದೆ, ಇಲ್ಲವೇ ಫ್ರಿಟ್ ಕಟ್ಟಿಕೊಂಡಿದೆ. ಎರಡನೆಯದಾದರೆ ಪ್ರೆಷರ್ ಕೂಡ ಏರಿರುತ್ತದೆ. ಬೇಗ ಬರುವ ಪೀಕುಗಳೇ ಹೆಚ್ಚು ಕೆಟ್ಟಿದ್ದರೆ ಕಾಲಂ ನಿರಪರಾಧಿ ಇರಬಹುದು. ಟ್ಯೂಬಿಂಗ್ ಸರಿಯಾಗಿ ಕೂರದೆ ಫಿಟ್ಟಿಂಗ್‌ನಲ್ಲಿ ಸಂದು ಉಳಿದಿರುತ್ತದೆ. ಅಮೈನ್ ಇರುವ ಕ್ಷಾರೀಯ ಔಷಧಕ್ಕೆ ಮಾತ್ರ ಬಾಲ ಬಂದಿದ್ದರೆ ಸಿಲಿಕಾದ ಮೇಲಿನ ಸಿಲನಾಲ್‌ಗಳು ಅದನ್ನು ಹಿಡಿದೆಳೆಯುತ್ತಿವೆ. ಕಾಲಂ ಹಳೆಯದಾದಂತೆ ಇದು ಹೆಚ್ಚುತ್ತದೆ. ಬಫರಿನ pH ತಪ್ಪಿದ್ದರೂ ಹೀಗೇ ಆಗುತ್ತದೆ.

ಹಾಗಾಗಿ ಮೊದಲು ಗಾರ್ಡ್ ಕಾಲಂ ಇದ್ದರೆ ಬದಲಿಸಿ, ಹೊಸ ಬಫರ್ ಮಾಡಿ. ಸ್ಯಾಂಪಲನ್ನು ಹತ್ತು ಪಟ್ಟು ದುರ್ಬಲಗೊಳಿಸಿ ಹಾಕಿದಾಗ ಬಾಲ ತಗ್ಗಿದರೆ ಅದು ಓವರ್‌ಲೋಡ್. ತಗ್ಗದಿದ್ದರೆ, ಕಾಲಂ ಜೊತೆ ಬಂದ ಸರ್ಟಿಫಿಕೇಟಿನಲ್ಲಿರುವ ಪರೀಕ್ಷೆಯನ್ನು ಅದೇ ಮೊಬೈಲ್ ಫೇಸ್, ಅದೇ ಫ್ಲೋನಲ್ಲಿ ಮಾಡಿ. ಟಾಲ್ವೀನ್‌ನಂಥ ತಟಸ್ಥ ವಸ್ತುವಿನ ಪೀಕ್ ಅಲ್ಲಿ ಹೇಳಿದಷ್ಟೇ ಚೂಪಾಗಿದ್ದರೆ ಪ್ಯಾಕಿಂಗ್ ಗಟ್ಟಿಯಿದೆ. ಕೆಟ್ಟಿರುವುದು ಸಿಲಿಕಾದ ಮೇಲ್ಮೈ. ಅಂಥ ಕಾಲಂ ಈ ಔಷಧಕ್ಕೆ ಬೇಡ, ತಟಸ್ಥ ವಸ್ತುಗಳಿಗೆ ಇಟ್ಟುಕೊಳ್ಳಬಹುದು. ಟಾಲ್ವೀನ್‌ಗೂ ಬಾಲ ಬಂದರೆ ಫಿಟ್ಟಿಂಗ್ ಬಿಚ್ಚಿ ಸರಿಯಾಗಿ ಕೂರಿಸಿ ಮತ್ತೊಮ್ಮೆ ಹಾಕಿ. ಆಗಲೂ ಹಾಗೇ ಇದ್ದು, ತಯಾರಕರ ಒಪ್ಪಿಗೆಯಿದ್ದರೆ, ಕಾಲಂ ತಿರುಗಿಸಿ ಡಿಟೆಕ್ಟರಿಗೆ ಜೋಡಿಸದೆ ತೊಳೆಯಿರಿ. ಫ್ರಿಟ್ ಕಟ್ಟಿದ್ದರೆ ಕೆಲವೊಮ್ಮೆ ಬಿಡುತ್ತದೆ. ಟೊಳ್ಳು ಬಿದ್ದ ಕಾಲಂ ಹೀಗೆ ತೊಳೆದರೆ ಸರಿಹೋಗುವುದಿಲ್ಲ, ಬದಲಿಸಲೇಬೇಕು.